ಡೊನಾಲ್ಡ್‌ಗೆ ಜೆರಾಲ್ಡ್ ಕೂಡಿದರೆ ರಾಬರ್ಟ್: ಸುಳಿವಿನ ಸಾಲು ಕತ್ತರಿಸಿ ಹೋದರೂ ಬಿಡಿಸಬಹುದಾದ ಲೆಕ್ಕ

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಒಂದು ಫೋಟೊ ಬಂದು ಬೀಳುತ್ತದೆ. ಯಾವುದೋ ಪತ್ರಿಕೆಯ ಪುರವಣಿಯ ಮೂಲೆಯಲ್ಲಿದ್ದ ಅಂಕಣವನ್ನು ಯಾರೋ ಮೊಬೈಲ್ ಓರೆಯಾಗಿ ಹಿಡಿದು ತೆಗೆದದ್ದು. ಅದರಲ್ಲಿ ಮೂರು ಇಂಗ್ಲಿಷ್ ಹೆಸರುಗಳು ಒಂದರ ಕೆಳಗೊಂದು, ನಡುವೆ ಕೂಡಿಸುವ ಗುರುತು, ಕೆಳಗೊಂದು ಗೆರೆ. ಅಂಕಿ ಎಂಬುದು ಎಲ್ಲೂ ಇಲ್ಲ. "ಬಿಡಿಸಿ ನೋಡೋಣ" ಎಂದು ಕಳಿಸಿದವರು ಅಷ್ಟಕ್ಕೇ ಸುಮ್ಮನಾಗುತ್ತಾರೆ.

```
    D O N A L D
  + G E R A L D
  -------------
    R O B E R T
```

ಈ ಒಗಟು ಸಾಮಾನ್ಯವಾಗಿ `D = 5` ಎಂಬ ಸುಳಿವಿನೊಂದಿಗೆ ಅಚ್ಚಾಗುತ್ತದೆ. ಸುಳಿವಿನ ಸಾಲು ಕೆಳಗಿರುವುದರಿಂದ ಫೋಟೊ ತೆಗೆಯುವವರ ಕೈಯಲ್ಲಿ ಮೊದಲು ಕತ್ತರಿಸಿ ಹೋಗುವುದೂ ಅದೇ. ಸುಳಿವಿಲ್ಲದಿದ್ದರೆ ಉತ್ತರ ಸಿಗುತ್ತದೆಯೇ? ಸಿಗುತ್ತದೆ, ಅದೂ ಒಂದೇ ಒಂದು ಉತ್ತರ. ಕಾಗದ, ಪೆನ್ಸಿಲ್ ಹಿಡಿದು ಅಲ್ಲಿಗೆ ಹೋಗುವ ದಾರಿ ಇಲ್ಲಿದೆ. ಬೇಕಿರುವುದು ಮೂರನೇ ತರಗತಿಯಲ್ಲಿ ಕಲಿತ, ದಶಕ ಹಿಡಿದು ಕೂಡುವ ಲೆಕ್ಕ ಮಾತ್ರ.

## ಆಟದ ನಿಯಮ

ಪ್ರತಿ ಅಕ್ಷರವೂ ಒಂದು ಅಂಕಿಯ ಮುಸುಕು. ಒಂದೇ ಅಕ್ಷರ ಎಲ್ಲೆಲ್ಲಿ ಬಂದರೂ ಅಲ್ಲೆಲ್ಲ ಒಂದೇ ಅಂಕಿ. ಬೇರೆ ಅಕ್ಷರಕ್ಕೆ ಬೇರೆ ಅಂಕಿಯೇ ಆಗಬೇಕು. ಸಂಖ್ಯೆಯ ಮೊದಲ ಅಂಕಿ ಸೊನ್ನೆ ಆಗಕೂಡದು, ಏಕೆಂದರೆ ನಾವು ಇಪ್ಪತ್ತೊಂದನ್ನು 021 ಎಂದು ಬರೆಯುವುದಿಲ್ಲ. ಕೊನೆಗೆ, ಅಕ್ಷರಗಳ ಜಾಗದಲ್ಲಿ ಅಂಕಿಗಳನ್ನು ಇಟ್ಟಾಗ ಕೂಡಿದ ಲೆಕ್ಕ ಸರಿಬರಬೇಕು.

ದೊಡ್ಡದಕ್ಕೆ ಕೈಹಾಕುವ ಮೊದಲು ಕೈ ಪಳಗಿಸಿಕೊಳ್ಳಲು ಕನ್ನಡದ್ದೇ ಒಂದು ಪುಟ್ಟ ಲೆಕ್ಕ ಕಟ್ಟಿದ್ದೇನೆ:

```
      ಕ ಸ
  +   ರ ಸ
  -------
    ಸ ಮ ರ
```

ಎರಡಂಕಿಯ ಎರಡು ಸಂಖ್ಯೆ ಕೂಡಿ ಮೂರಂಕಿಯ ಸಂಖ್ಯೆ ಬಂದಿದೆ. ಎರಡಂಕಿಯ ಸಂಖ್ಯೆ ಹೆಚ್ಚೆಂದರೆ 99. ಅಂಥ ಎರಡು ಕೂಡಿದರೂ 198 ದಾಟುವುದಿಲ್ಲ. ಹಾಗಾಗಿ ಉತ್ತರದ ಮೊದಲ ಅಂಕಿ 1 ಅಲ್ಲದೆ ಬೇರೆ ಆಗಲಾರದು: ಸ = 1. ಇನ್ನು ಬಿಡಿ ಸ್ಥಾನ. ಸ ಮತ್ತು ಸ ಕೂಡಿದರೆ ರ, ಅಂದರೆ ರ = 2, ಕೈಯಲ್ಲಿ ದಶಕ ಏನೂ ಉಳಿಯಲಿಲ್ಲ. ಹತ್ತರ ಸ್ಥಾನದಲ್ಲಿ ಕ ಜೊತೆ 2 ಕೂಡಿ ಹತ್ತಾದರೂ ಆಗಬೇಕು, ಇಲ್ಲದಿದ್ದರೆ ನೂರರ ಸ್ಥಾನಕ್ಕೆ ಆ 1 ಬರುವುದಿಲ್ಲ. ಆದ್ದರಿಂದ ಕ 8 ಅಥವಾ 9. ಒಂಬತ್ತಾದರೆ ಮೊತ್ತ 11, ಆಗ ಮ = 1 ಆಗಿ ಸ ಜೊತೆ ಡಿಕ್ಕಿ ಹೊಡೆಯುತ್ತದೆ. ಉಳಿದದ್ದು 8, ಮ = 0. ಲೆಕ್ಕ 81 + 21 = 102. ಇದಕ್ಕೆ ಬೇರೆ ಉತ್ತರವಿಲ್ಲ.

ಇಲ್ಲಿ ಬೇಕೆಂದೇ ಕಾಗುಣಿತ, ಒತ್ತಕ್ಷರ ಇಲ್ಲದ ಪದಗಳನ್ನು ಆಯ್ದಿದ್ದೇನೆ. ಕನ್ನಡದಲ್ಲಿ ಇಂಥ ಲೆಕ್ಕ ಕಟ್ಟುವವರು ಕ ಮತ್ತು ಕಾ ಒಂದೇ ಅಂಕಿಯೋ ಎರಡೋ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಲೆಕ್ಕಕ್ಕಿಂತ ಜಗಳವೇ ಹೆಚ್ಚಾಗುತ್ತದೆ.

## ದಶಕ: ಸೊನ್ನೆ ಅಥವಾ ಒಂದು, ಅಷ್ಟೇ

ಮೇಲಿನ ಲೆಕ್ಕವನ್ನು ಬಿಡಿಸಿದ್ದು ಅಕ್ಷರಗಳಿಗಿಂತ ಹೆಚ್ಚಾಗಿ ದಶಕ. ಎರಡು ಸಂಖ್ಯೆಗಳನ್ನು ಕೂಡುವಾಗ ಒಂದು ಸ್ಥಾನದಲ್ಲಿ ಅತಿ ಹೆಚ್ಚೆಂದರೆ 9 ಮತ್ತು 9 ಸೇರಬಹುದು, ಬಲಗಡೆಯಿಂದ ಬಂದ 1 ಕೂಡಿದರೆ 19. ಹಾಗಾಗಿ ಎಡಕ್ಕೆ ದಾಟುವ ದಶಕ ಒಂದಿರಬಹುದು ಅಥವಾ ಇಲ್ಲದೇ ಇರಬಹುದು, ಎರಡಾಗಲು ಸಾಧ್ಯವೇ ಇಲ್ಲ. ಒಂದು ಅಕ್ಷರಕ್ಕೆ ಹತ್ತು ಸಾಧ್ಯತೆಗಳಿದ್ದರೆ ದಶಕಕ್ಕೆ ಎರಡೇ. ಅಕ್ಷರವನ್ನು ಊಹಿಸುವ ಬದಲು ದಶಕವನ್ನು ಊಹಿಸಿದರೆ ಕೆಲಸ ಹಗುರವಾಗುವುದು ಇದಕ್ಕೇ.

ಒಂದೇ ಅಕ್ಷರ ಎರಡು ಸಲ ಕೂಡಿದಾಗ ಇನ್ನೊಂದು ಅನುಕೂಲವಿದೆ. ಯಾವ ಅಂಕಿಯನ್ನಾದರೂ ಅದಕ್ಕೇ ಕೂಡಿದರೆ ಸಮ ಸಂಖ್ಯೆ ಬರುತ್ತದೆ. ಹಾಗಾಗಿ ಅಂಥ ಸ್ಥಾನದ ಉತ್ತರ ಬೆಸವಾಗಿದ್ದರೆ ಬಲಗಡೆಯಿಂದ ದಶಕ ಬಂದಿದೆ, ಸಮವಾಗಿದ್ದರೆ ಬಂದಿಲ್ಲ. ಡೊನಾಲ್ಡ್ ಲೆಕ್ಕದಲ್ಲಿ ಬಲಗಡೆಯ ಮೂರೂ ಸ್ಥಾನಗಳು ಈ ಜಾತಿಯವು: D ಮತ್ತು D, L ಮತ್ತು L, A ಮತ್ತು A.

ಕಣ್ಣಿಗೆ ಬಿದ್ದ ಅಕ್ಷರಕ್ಕೆ ಸಿಕ್ಕ ಅಂಕಿ ಹಾಕಿ ನೋಡುತ್ತ ಹೋದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಈ ಲೆಕ್ಕದಲ್ಲಿ D, O, N, A, L, G, E, R, B, T ಎಂದು ಸರಿಯಾಗಿ ಹತ್ತು ಅಕ್ಷರಗಳಿವೆ. ಹತ್ತು ಅಂಕಿಗಳನ್ನು ಇವಕ್ಕೆ ಹಂಚುವ ಬಗೆಗಳು 36,28,800. ಆದರೆ ಹತ್ತಕ್ಕೆ ಹತ್ತು ಎಂಬುದು ವರವೂ ಹೌದು. ಹತ್ತು ಸೀಟಿನ ವ್ಯಾನಿಗೆ ಹತ್ತೇ ಜನ ಹತ್ತಿದ ಹಾಗೆ, ಯಾವ ಸೀಟೂ ಖಾಲಿ ಉಳಿಯುವುದಿಲ್ಲ, ಯಾರೂ ನಿಲ್ಲುವುದೂ ಇಲ್ಲ. ಕೊನೆಯಲ್ಲಿ ಇದು ಕೆಲಸಕ್ಕೆ ಬರುತ್ತದೆ.

## ಎಲ್ಲಿಂದ ಶುರು ಮಾಡುವುದು

ಶಾಲೆಯ ಅಭ್ಯಾಸಬಲದಿಂದ ಎಲ್ಲರೂ ಬಿಡಿ ಸ್ಥಾನದಿಂದ ಶುರು ಮಾಡುತ್ತಾರೆ. ಸುಳಿವಿಲ್ಲದಾಗ ಅಲ್ಲಿ ಏನೂ ಗಿಟ್ಟುವುದಿಲ್ಲ. ಹತ್ತು ಸಾವಿರದ ಸ್ಥಾನ, ಅಂದರೆ ಎಡದಿಂದ ಎರಡನೆಯದು, ನೋಡಿ:

```
    O + E + (ಬಂದ ದಶಕ)  →  O
```

O ಗೆ ಏನೋ ಕೂಡಿದ ಮೇಲೂ ಅದು O ಆಗಿಯೇ ಉಳಿದಿದೆ. ಇದು ಎರಡು ರೀತಿಯಲ್ಲಿ ಮಾತ್ರ ಆಗಬಹುದು. ಕೂಡಿದ್ದು ಸೊನ್ನೆ ಆಗಿರಬೇಕು: E = 0, ದಶಕ ಬಂದೂ ಇಲ್ಲ, ಹೋಗಿಯೂ ಇಲ್ಲ. ಅಥವಾ ಕೂಡಿದ್ದು ಪೂರ್ತಿ ಹತ್ತು ಆಗಿರಬೇಕು: E = 9, ಬಲಗಡೆಯಿಂದ 1 ಬಂದಿದೆ, ಎಡಕ್ಕೂ 1 ಹೋಗಿದೆ. O ಏನೇ ಆಗಿರಲಿ, ಈ ಮಾತಿಗೆ ಸಂಬಂಧವಿಲ್ಲ. ಒಂದೇ ಏಟಿಗೆ E ಯ ಹತ್ತು ಸಾಧ್ಯತೆಗಳು ಎರಡಕ್ಕೆ ಇಳಿದವು, ಎರಡು ದಶಕಗಳೂ ಅದರ ಜೊತೆಗೆ ಕಟ್ಟುಬಿದ್ದವು. ಈ ಒಗಟಿನ ಬೀಗದ ಕೈ ಇರುವುದು ಇಲ್ಲೇ.

## E ಒಂಬತ್ತು ಎಂದು ಹಿಡಿದರೆ

ನೂರರ ಸ್ಥಾನದಲ್ಲಿ A ಗೆ A ಕೂಡಿ E ಬಂದಿದೆ. E ಈಗ 9, ಬೆಸ ಸಂಖ್ಯೆ. ಹಾಗಾದರೆ ಹತ್ತರ ಸ್ಥಾನದಿಂದ ದಶಕ ಬಂದಿರಲೇಬೇಕು. ಅದನ್ನು ಕಳೆದರೆ A ಗಳ ಮೊತ್ತ 8 ಅಥವಾ 18. ಹದಿನೆಂಟಾದರೆ A ಯೂ 9 ಆಗುತ್ತದೆ, ಆ ಜಾಗ E ಹಿಡಿದಿದೆ. ಹಾಗಾಗಿ A = 4. ಮೊತ್ತ 9, ಹತ್ತು ದಾಟಿಲ್ಲ, ಆದ್ದರಿಂದ ಸಾವಿರದ ಸ್ಥಾನಕ್ಕೆ ದಶಕ ಹೋಗುವುದಿಲ್ಲ.

ಈಗ ಎಡತುದಿಗೆ, ಲಕ್ಷದ ಸ್ಥಾನಕ್ಕೆ ಹಾರೋಣ. ಅಲ್ಲಿ D, G ಮತ್ತು ಬಂದ 1 ಸೇರಿ R ಆಗಿದೆ. ಉತ್ತರದಲ್ಲಿ ಆರೇ ಅಂಕಿಗಳಿರುವುದರಿಂದ ಇಲ್ಲಿಂದ ಮುಂದೆ ದಶಕ ಹೋಗುವ ಮಾತಿಲ್ಲ. 9 ಈಗಾಗಲೇ ಖರ್ಚಾಗಿದೆ, ಆದ್ದರಿಂದ R ಹೆಚ್ಚೆಂದರೆ 8.

ಇನ್ನು ಹತ್ತರ ಸ್ಥಾನ. L ಗೆ L ಕೂಡಿ R ಬಂದು, ಎಡಕ್ಕೆ ಒಂದು ದಶಕವೂ ಹೋಗಿದೆ ಎಂದು ಈಗಷ್ಟೇ ತಿಳಿಯಿತು. ಬಿಡಿ ಸ್ಥಾನದಿಂದ ಇಲ್ಲಿಗೆ ದಶಕ ಬಂದಿದೆಯೋ ಇಲ್ಲವೋ ಎಂಬುದೊಂದೇ ಪ್ರಶ್ನೆ.

ಬಂದಿಲ್ಲ ಎನ್ನೋಣ. ಆಗ R ಸಮ ಸಂಖ್ಯೆ. R = 8 ಆಗಬೇಕಾದರೆ L = 9 ಆಗಬೇಕು, ಅದು E ಯ ಪಾಲು. 4 ಅನ್ನು A ಹಿಡಿದಿದೆ. R = 2 ಆದರೆ D ಮತ್ತು G ಸೇರಿ 1 ಆಗಬೇಕು, ಎರಡೂ ಸಂಖ್ಯೆಗಳ ಮೊದಲ ಅಂಕಿ ಸೊನ್ನೆಯಲ್ಲದ ಕಾರಣ ಅದು ಆಗದು. ಉಳಿದದ್ದು R = 6, L = 8. D ಮತ್ತು G ಸೇರಿ 5. D ಒಂದಾದರೆ G ನಾಲ್ಕಾಗುತ್ತದೆ, ಎರಡಾದರೆ T ನಾಲ್ಕಾಗುತ್ತದೆ, ಎರಡೂ ಕಡೆ A ಅಡ್ಡ ಬರುತ್ತದೆ. D ಮೂರಾದರೆ T ಆರಾಗಿ R ಅನ್ನು ಗುದ್ದುತ್ತದೆ. D ತಾನೇ ನಾಲ್ಕಾಗುವ ಹಾಗೂ ಇಲ್ಲ. ಈ ದಾರಿ ಮುಚ್ಚಿತು.

ಹಾಗಾದರೆ ಬಿಡಿ ಸ್ಥಾನದಿಂದ ದಶಕ ಬಂದಿದೆ. ಅಂದರೆ D ಗೆ D ಕೂಡಿ ಹತ್ತಾದರೂ ಆಗಿದೆ, D ಕನಿಷ್ಠ 5. R ಈಗ ಬೆಸ. ಲಕ್ಷದ ಸ್ಥಾನಕ್ಕೆ ಮತ್ತೆ ಹೋಗಿ: D ಕನಿಷ್ಠ 5, G ಕನಿಷ್ಠ 1, ಬಂದ ದಶಕ 1, ಒಟ್ಟು R ಕನಿಷ್ಠ 7. ಹೆಚ್ಚೆಂದರೆ 8 ಎಂದು ಮೊದಲೇ ಗೊತ್ತು. ಬೆಸ ಆಗಿರಬೇಕು. R = 7. ಹಾಗಿದ್ದರೆ D ಮತ್ತು G ಸೇರಿ 6, ಅದಕ್ಕೆ ಒಂದೇ ಹಂಚಿಕೆ: D = 5, G = 1.

ಫೋಟೊದಲ್ಲಿ ಕತ್ತರಿಸಿ ಹೋಗಿದ್ದ ಸಾಲು ಲೆಕ್ಕದೊಳಗಿಂದಲೇ ಬಂತು ನೋಡಿ. ಮುಂದಿನದು ಇಳಿಜಾರು. 5 ಕ್ಕೆ 5 ಕೂಡಿ 10, T = 0. ಹತ್ತರ ಸ್ಥಾನದಲ್ಲಿ L ಗಳಿಗೆ 1 ಕೂಡಿ 17, ಆದ್ದರಿಂದ L = 8. ಉಳಿದ ಅಂಕಿಗಳು 2, 3, 6. ಉಳಿದ ಅಕ್ಷರಗಳು O, N, B. ಸಾವಿರದ ಸ್ಥಾನದಲ್ಲಿ N ಗೆ 7 ಕೂಡಿ, B ಬಂದು, ಕೈಯಲ್ಲಿ ಒಂದು ಉಳಿದಿದೆ. ಅಂದರೆ N ಅಂಕಿಯು B ಗಿಂತ ಮೂರು ಹೆಚ್ಚು. ಈ ಮೂರರಲ್ಲಿ ಅಂಥ ಜೋಡಿ 6 ಮತ್ತು 3 ಮಾತ್ರ. N = 6, B = 3.

O ಗೆ ಸಿಕ್ಕದ್ದು 2. ಅದರ ಬಗ್ಗೆ ಯಾವ ಸ್ಥಾನವೂ ನೇರವಾಗಿ ಏನನ್ನೂ ಹೇಳಲಿಲ್ಲ. ಅದು ಬರುವ ಒಂದೇ ಸ್ಥಾನದಲ್ಲಿ ಮೇಲೂ ಕೆಳಗೂ ಅದೇ ಇದ್ದುದರಿಂದ ಅದರ ಬೆಲೆ ಹೊಡೆದುಹೋಗಿತ್ತು. ಅಕ್ಷರಗಳು ಸರಿಯಾಗಿ ಹತ್ತು ಇದ್ದುದಕ್ಕೇ O ಕೂಡ ಗಟ್ಟಿಯಾಯಿತು.

```
    5 2 6 4 8 5
  + 1 9 7 4 8 5
  -------------
    7 2 3 9 7 0
```

## E ಸೊನ್ನೆ ಆಗಿದ್ದರೆ?

ಇಲ್ಲಿಗೆ ಮುಗಿಯಿತೆಂದು ಪೆನ್ಸಿಲ್ ಕೆಳಗಿಡುವವರೇ ಹೆಚ್ಚು. ಒಂದು ಉತ್ತರ ಸಿಕ್ಕಿದೆ ನಿಜ, ಅದೊಂದೇ ಉತ್ತರ ಎಂದು ಇನ್ನೂ ಗೊತ್ತಾಗಿಲ್ಲ. ನಾವು ಬಿಟ್ಟುಬಂದ ಕವಲಿಗೆ ಹಿಂತಿರುಗಿ ಅದನ್ನೂ ಕೊನೆಯವರೆಗೆ ನಡೆದು ನೋಡಬೇಕು.

E = 0 ಆದರೆ ನೂರರ ಸ್ಥಾನದಲ್ಲಿ A ಗಳು ಸೇರಿ ಸೊನ್ನೆಯಲ್ಲಿ ಕೊನೆಯಾಗಬೇಕು. A ಸೊನ್ನೆಯಲ್ಲ, ಆದ್ದರಿಂದ A = 5. ಇಲ್ಲಿಗೆ ದಶಕ ಬಂದಿಲ್ಲ, ಸಾವಿರಕ್ಕೆ ಒಂದು ಹೋಗಿದೆ. ಸಾವಿರದ ಸ್ಥಾನದಲ್ಲಿ N, R ಮತ್ತು 1 ಸೇರಿ B, ಅಲ್ಲಿಂದ ಮುಂದೆ ದಶಕವಿಲ್ಲ. ಮೊತ್ತ 9 ಮೀರಬಾರದು, N ಕನಿಷ್ಠ 1, ಹಾಗಾಗಿ R ಹೆಚ್ಚೆಂದರೆ 7. ಲಕ್ಷದ ಸ್ಥಾನದಲ್ಲಿ D ಮತ್ತು G ಸೇರಿ R. ಹತ್ತರ ಸ್ಥಾನದಲ್ಲಿ L ಗಳು ಸೇರಿ R, ದಶಕ ಹೋಗದೆ.

R ಬೆಸವಾದರೆ ಬಿಡಿ ಸ್ಥಾನದಿಂದ ದಶಕ ಬಂದಿದೆ, D ಕನಿಷ್ಠ 6 (ಐದು A ಯ ಹತ್ತಿರ ಇದೆ). ಆಗ R ಏಳೇ ಆಗಬೇಕು, D = 6, G = 1. ಸಾವಿರದ ಸ್ಥಾನದಲ್ಲಿ N ಗೆ 8 ಕೂಡಿ 9 ಮೀರಬಾರದೆಂದರೆ N = 1, ಅದು G ಯ ಪಾಲಾಗಿದೆ. R ಸಮವಾದರೆ ಅದು 2, 4 ಅಥವಾ 6. ಎರಡಾದರೆ D ಮತ್ತು G ಎರಡೂ 1 ಆಗಿಬಿಡುತ್ತವೆ. ನಾಲ್ಕಾದರೆ L = 2. D ಒಂದಾದರೆ T ಎರಡಾಗಿ L ಅನ್ನು ಗುದ್ದುತ್ತದೆ. D ಮೂರಾದರೆ G = 1, T = 6, ಉಳಿಯುವುದು 7, 8, 9. ಅವುಗಳಲ್ಲಿ N ಗೆ 5 ಕೂಡಿ B ಬರುವ ಜೋಡಿ ಇಲ್ಲ. ಆರಾದರೆ L = 3. D ಒಂದಾದರೆ G ಐದಾಗಬೇಕು, ಎರಡಾದರೆ G ಮತ್ತು T ಎರಡೂ ನಾಲ್ಕು. D ನಾಲ್ಕಾದರೆ G = 2, T = 8, N ಒಂದಾಗಿ B ಎಂಟಾಗಬೇಕು ಅಥವಾ N ಎರಡಾಗಬೇಕು, ಎರಡಕ್ಕೂ ಜಾಗವಿಲ್ಲ. ಕವಲು ಪೂರ್ತಿ ಒಣಗಿತು.

ಸುಳಿವು ಕೊಟ್ಟಿದ್ದರೆ ಉಳಿಯುತ್ತಿದ್ದ ಶ್ರಮ ಇದೇ. D ಐದು ಎಂದ ಕೂಡಲೇ T ಸೊನ್ನೆ, ಹಾಗಾಗಿ E ಸೊನ್ನೆಯಲ್ಲ, ಒಂಬತ್ತೇ. ಎರಡು ಪ್ಯಾರಾ ಎರಡು ವಾಕ್ಯಕ್ಕೆ ಇಳಿಯುತ್ತದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1958ರಲ್ಲಿ ಈ ಒಗಟನ್ನು ಬಳಸಿಕೊಂಡರು. ಆಮೇಲೆ ಅಮೆರಿಕದ ಅಲನ್ ನ್ಯೂವೆಲ್ ಮತ್ತು ಹರ್ಬರ್ಟ್ ಸೈಮನ್ ಇದನ್ನೇ ಜನರ ಕೈಗಿತ್ತು, ತಲೆಯಲ್ಲಿ ಓಡುವುದನ್ನು ಬಾಯಿಬಿಟ್ಟು ಹೇಳುತ್ತ ಬಿಡಿಸಿ ಎಂದು ಕೇಳಿ, ಅವರ ಮಾತುಗಳನ್ನು ಸಾಲುಸಾಲಾಗಿ ವಿಶ್ಲೇಷಿಸಿ 1972ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅವರು ಕೊಟ್ಟದ್ದೂ D = 5 ಎಂಬ ಸುಳಿವಿನೊಂದಿಗೇ.

## ಮೊದಲ ಅಂಕಿಯ ನಿಯಮ ನಿಜಕ್ಕೂ ಬೇಕೆ?

ಈ ಲೆಕ್ಕದಲ್ಲಿ ಅದು ದಾರಿಯನ್ನು ಹತ್ತಿರ ಮಾಡಿತು, ಅಷ್ಟೇ. ನಿಯಮ ಸಡಿಲಿಸಿ G ಸೊನ್ನೆ ಇರಲಿ ಎಂದರೂ ಹೊಸ ಉತ್ತರ ಹುಟ್ಟುವುದಿಲ್ಲ. ಆಗ D = 6, R = 7 ಆಗಿ, O, N, B ಗಳಿಗೆ 1, 3, 5 ಉಳಿಯುತ್ತವೆ, ಅವುಗಳಲ್ಲಿ ಮೂರರ ಅಂತರದ ಜೋಡಿ ಇಲ್ಲ.

ಎಲ್ಲ ಒಗಟುಗಳೂ ಹೀಗಲ್ಲ. ಈ ಬಗೆಯಲ್ಲಿ ಅತ್ಯಂತ ಹೆಸರಾದದ್ದು ಇಂಗ್ಲೆಂಡಿನ ಹೆನ್ರಿ ಡ್ಯೂಡೆನಿ 1924ರಲ್ಲಿ ಸ್ಟ್ರ್ಯಾಂಡ್ ಪತ್ರಿಕೆಯಲ್ಲಿ ಕೊಟ್ಟ `SEND + MORE = MONEY`. ಅದರ ಉತ್ತರ 9567 + 1085 = 10652. ಅಲ್ಲಿ M ಸೊನ್ನೆ ಆಗಬಹುದೆಂದು ಬಿಟ್ಟರೆ 2817 + 0368 = 03185 ಕೂಡ ಸರಿಹೊಂದುತ್ತದೆ, ಅಂಥವು ಇನ್ನೂ ಇವೆ. ಅಂಕಣದಲ್ಲಿ ನಿಯಮ ಅಚ್ಚಾಗದಿದ್ದರೂ ಮೊದಲ ಅಕ್ಷರ ಸೊನ್ನೆಯಲ್ಲ ಎಂದೇ ಹಿಡಿಯುವುದು ವಾಡಿಕೆ.

## ಫೋಟೊ ಮಬ್ಬಾಗಿದ್ದರೆ

ಅಚ್ಚು ಹರಡಿದ ಅಕ್ಷರಗಳನ್ನು ತಪ್ಪಾಗಿ ಓದುವುದು ಇಲ್ಲಿ ಬಲು ಸುಲಭ. ಮೊದಲು ಬೇರೆಬೇರೆ ಅಕ್ಷರಗಳೆಷ್ಟು ಎಂದು ಎಣಿಸಿ. ಹನ್ನೊಂದು ಬಂದರೆ ಎಲ್ಲೋ ಒಂದೇ ಅಕ್ಷರವನ್ನು ಎರಡಾಗಿ ಓದಿದ್ದೀರಿ, ಏಕೆಂದರೆ ಅಂಕಿಗಳಿರುವುದು ಹತ್ತೇ. ಪದಗಳನ್ನು ಮತ್ತೆ ಬರೆದುಕೊಳ್ಳುವಾಗ ಬಲತುದಿ ಒಂದೇ ನೇರಕ್ಕೆ ಬಂದಿದೆಯೇ ನೋಡಿ.

ಎಲ್ಲ ತಪ್ಪು ಓದೂ ಕೆಡುಕಲ್ಲ ಎಂಬುದು ತಮಾಷೆಯ ಸಂಗತಿ. G ಅನ್ನು C ಎಂದು ಓದಿದರೆ ಏನೂ ಆಗುವುದಿಲ್ಲ: ಅದು ಒಂದೇ ಕಡೆ ಬರುತ್ತದೆ, C ಬೇರೆಲ್ಲೂ ಇಲ್ಲ, ಮುಸುಕಿನ ಹೆಸರು ಬದಲಾಯಿತಷ್ಟೇ. ಆದರೆ ರಾಬರ್ಟ್‌ನ B ಮಬ್ಬಾಗಿ R ಹಾಗೆ ಕಂಡರೆ ಸಾವಿರದ ಸ್ಥಾನ ಕೂಡಲೇ ಕೂಗಿಕೊಳ್ಳುತ್ತದೆ. R ಗೆ N ಕೂಡಿ ಮತ್ತೆ R ಬರಬೇಕು. E ಒಂಬತ್ತು ಎಂಬ ಕವಲಿನಲ್ಲಿ ಅದಕ್ಕೆ N ಹತ್ತಾಗಬೇಕು, E ಸೊನ್ನೆ ಎಂಬ ಕವಲಿನಲ್ಲಿ N ಸೊನ್ನೆಗಿಂತ ಕಡಿಮೆಯಾಗಬೇಕು. B ಅನ್ನು E ಎಂದು ಓದಿದರೂ ಇದೇ ಗತಿ: ಒಂದು ಕವಲಿನಲ್ಲಿ N ಮತ್ತು R ಸೇರಿ 19 ಆಗಬೇಕು, ಬೇರೆಬೇರೆ ಎರಡು ಅಂಕಿಗಳು 17 ದಾಟಲಾರವು. ಇನ್ನೊಂದರಲ್ಲಿ ಅವೆರಡಕ್ಕೆ 1 ಕೂಡಿ ಸೊನ್ನೆ ಆಗಬೇಕು. ಹೀಗೆ ಎರಡೂ ಕವಲುಗಳು ನಾಲ್ಕು ಹೆಜ್ಜೆಯೊಳಗೆ ಸತ್ತರೆ ಲೆಕ್ಕವನ್ನು ಮತ್ತೆ ಮಾಡುವ ಮೊದಲು ಫೋಟೊ ಕಳಿಸಿದವರಿಗೆ ಫೋನ್ ಮಾಡಿ, ಆ ಸ್ಥಾನದ ಮೂರು ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳಲು ಕೇಳುವುದು ಒಳ್ಳೆಯದು.